ಮೊದಲ ಸಲ ಫಸ್ಟ್ ಎಡಿ ಆಗುತ್ತಿದ್ದೇನೆ: ಕೂಗಾಡದೆ ಹೊತ್ತಿಗೆ ಸರಿಯಾಗಿ ಪ್ಯಾಕಪ್ ಮಾಡೋದು ಹೇಗೆ?

ಹೊಸ_ಕ್ಲಾಪ್

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಜಾಹೀರಾತು, ವೆಬ್ ಸರಣಿಗಳಲ್ಲಿ ಕ್ಲಾಪ್ ಹೊಡೆದು, ಕಂಟಿನ್ಯೂಟಿ ಬರೆದುಕೊಂಡು ಬಂದವನು ನಾನು. ಅಕ್ಟೋಬರ್‌ನಲ್ಲಿ ಒಂದು ಕಿರುಚಿತ್ರಕ್ಕೆ ಮೊದಲ ಸಲ ಫಸ್ಟ್ ಅಸಿಸ್ಟೆಂಟ್ ಡೈರೆಕ್ಟರ್ ಆಗಿ ಹೋಗುತ್ತಿದ್ದೇನೆ. ಬಸವನಗುಡಿಯ ಒಂದು ಹಳೇ ಮನೆ, ಒಂದೇ ದಿನ, 25 ಜನ. ಒಟ್ಟು 14 ಶಾಟ್. ಅಮ್ಮ, ಮಗ ಊಟದ ಮೇಜಿನಲ್ಲಿ ಕೂತು ಮಾತಾಡುವ ದೃಶ್ಯ 8 ಶಾಟ್, ಅಡುಗೆಮನೆ 3, ಅಂಗಳ 3. ಆರು ಗಂಟೆಗೆ ಕಾಲ್ ಟೈಮ್, ಏಳೂವರೆಗೆ ಫಸ್ಟ್ ಶಾಟ್, ಒಂದಕ್ಕೆ ಊಟ, ಆರಕ್ಕೆ ಪ್ಯಾಕಪ್ ಅಂತ ಬರೆದಿದ್ದೇನೆ.

ನನಗೆ ಭಯ ಇರೋದು ಹೋದ ಶೂಟ್‌ನಿಂದ. ರಾತ್ರಿ 10ಕ್ಕೆ ಮುಗಿಯಬೇಕಾದದ್ದು 2 ಗಂಟೆಗೆ ಮುಗಿಯಿತು. ಫಸ್ಟ್ ಎಡಿ ಬೆಳಗ್ಗೆಯಿಂದ "ಬೇಗ ಬೇಗ" ಅಂತ ಕೂಗುತ್ತಲೇ ಇದ್ದರು. ಅವರು ಕೂಗಿದಷ್ಟೂ ಕೆಲಸ ನಿಧಾನವಾಯಿತು. ಕೊನೆಯ ಮೂರು ಗಂಟೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆದರೆ ಪ್ರತಿ ಟೇಕ್ ಬರೆದಿಟ್ಟ ನನ್ನ ಕಂಟಿನ್ಯೂಟಿ ಶೀಟ್ ನೋಡಿದರೆ ಟೇಕ್‌ಗಳು ಜಾಸ್ತಿ ಆಗಿಲ್ಲ. ಹಾಗಾದರೆ ಆ ನಾಲ್ಕು ಗಂಟೆ ಎಲ್ಲಿ ಹೋಯಿತು?

ಚಾಮರಾಜಪೇಟೆ_ಚಿತ್ರ

ನಾನು ನಾಲ್ಕೈದು ಶೂಟ್‌ಗಳಲ್ಲಿ ಪ್ರೊಡಕ್ಷನ್ ನೋಡಿಕೊಂಡಿದ್ದೇನೆ. ಉಪಾಯ ಸುಲಭ. ನಿಮಗೆ 7ಕ್ಕೆ ಜನ ಬೇಕಾದರೆ 6 ಅಂತ ಹೇಳಿ. ಎಲ್ಲರೂ ಒಂದು ಗಂಟೆ ತಡವಾಗಿಯೇ ಬರುತ್ತಾರೆ, ನಿಮ್ಮ ಲೆಕ್ಕ ಸರಿಹೋಗುತ್ತದೆ. ಮತ್ತೆ ಫಸ್ಟ್ ಶಾಟ್ ಸಮಯಕ್ಕೆ ಹೋಯಿತು ಅಂದರೆ ಅರ್ಧ ದಿನ ಗೆದ್ದ ಹಾಗೆ. ಅದಕ್ಕೆ ಸುಲಭದ ಶಾಟ್ ಒಂದನ್ನು ಮೊದಲು ಇಟ್ಟುಕೊಳ್ಳಿ.

ಡೇಟ್ಸ್_ಸಿಗದವನು

ಎಲ್ಲಾ ಸಮಸ್ಯೆ ಕಾಲ್‌ಶೀಟ್‌ದು ಸರ್. ನಮ್ಮ ಸಿನಿಮಾಕ್ಕೆ ನಟರೊಬ್ಬರು 20 ದಿನ ಕಾಲ್‌ಶೀಟ್ ಕೊಟ್ಟಿದ್ದರು, ಕೊನೆಗೆ ಬಂದದ್ದು 11 ದಿನ. ಫಸ್ಟ್ ಎಡಿ ಎಷ್ಟೇ ಚೆನ್ನಾಗಿದ್ದರೂ ನಟರು ಡೇಟ್ಸ್ ಕೊಡದಿದ್ದರೆ ಏನು ಮಾಡೋಕಾಗುತ್ತದೆ? ಮೊದಲು ಅಗ್ರಿಮೆಂಟ್ ಬರೆಸಿಕೊಳ್ಳಿ.

ಹೊಸ_ಕ್ಲಾಪ್

ಸರ್, ನನ್ನ ಪ್ರಶ್ನೆ ಒಂದು ದಿನದೊಳಗಿನ ಸಮಯದ ಬಗ್ಗೆ. ನಟರು ಇಬ್ಬರೂ ಬರುವುದು ಖಚಿತವಾಗಿದೆ.

ಆರೂವರೆ_ಕಾಲ್

ಹೊಸ ಕ್ಲಾಪ್, ನಾನು 12 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನೀವು ಕಂಟಿನ್ಯೂಟಿ ಶೀಟ್ ತೆಗೆದು ನೋಡಿದ್ದು ಸರಿಯಾದ ಜಾಗ. ಸಮಯ ಟೇಕ್‌ನಲ್ಲಿ ಹೋಗುವುದು ಕಮ್ಮಿ. ಒಂದು ಶಾಟ್ ಓಕೆ ಆಗಿ ಇನ್ನೊಂದು ಶಾಟ್‌ಗೆ ಕ್ಯಾಮೆರಾ ಸಿದ್ಧವಾಗುವವರೆಗೆ ಇರುವ ಸಂದಿಯಲ್ಲಿ ಹೋಗುತ್ತದೆ. ಆ ಸಂದಿಯನ್ನು ಕಾಯುವುದೇ ನಿಮ್ಮ ಕೆಲಸ.

ನಿಮ್ಮ ಮೇಜಿನ ದೃಶ್ಯವನ್ನೇ ತೆಗೆದುಕೊಳ್ಳೋಣ. ಅಮ್ಮ ಒಂದು ಕಡೆ, ಮಗ ಎದುರು. ಸ್ಕ್ರಿಪ್ಟ್‌ನಲ್ಲಿರುವ ಕ್ರಮದಲ್ಲೇ ತೆಗೆಯುತ್ತಾ ಹೋದರೆ ಕ್ಯಾಮೆರಾ ಅಮ್ಮನ ಕಡೆ, ಮಗನ ಕಡೆ, ಮತ್ತೆ ಅಮ್ಮನ ಕಡೆ ಅಂತ ತಿರುಗುತ್ತಲೇ ಇರುತ್ತದೆ. ಐದು ಸಲ ತಿರುಗುತ್ತದೆ ಅಂತ ಇಟ್ಟುಕೊಳ್ಳಿ. ತಿರುಗಿದಾಗಲೆಲ್ಲ ಲೈಟ್, ಸ್ಟ್ಯಾಂಡ್, ಮಾನಿಟರ್, ಹಿಂದೆ ಬಿದ್ದಿರುವ ಕೇಬಲ್, ಚೀಲ ಎಲ್ಲಾ ಈ ಕಡೆಯಿಂದ ಆ ಕಡೆಗೆ ಹೋಗಬೇಕು. ಹಳೇ ಮನೆಯ ಸಣ್ಣ ಕೋಣೆಯಲ್ಲಿ ಇದಕ್ಕೆ 40 ನಿಮಿಷ ಬೇಕೇ ಬೇಕು. ಅದೇ ಕಡೆ ನಿಂತು ಬರೀ ಲೆನ್ಸ್ ಬದಲಿಸಿ ಹತ್ತಿರ ಹೋಗುವುದಾದರೆ 12 ನಿಮಿಷ ಸಾಕು.

ಈಗ ಲೆಕ್ಕ ಹಾಕಿ. ಎಂಟು ಶಾಟ್ ನಡುವೆ ಏಳು ಸಂದಿ. ಸ್ಕ್ರಿಪ್ಟ್ ಕ್ರಮದಲ್ಲಿ ಐದು ತಿರುವು, ಎರಡು ಲೆನ್ಸ್ ಬದಲಾವಣೆ: 224 ನಿಮಿಷ. ಅಮ್ಮನ ಕಡೆಯದೆಲ್ಲ ಮೊದಲು ಮುಗಿಸಿ ಒಂದೇ ಸಲ ತಿರುಗಿದರೆ 112 ನಿಮಿಷ. ರಿಹರ್ಸಲ್, ಟೇಕ್ ಸೇರಿ ಶಾಟ್‌ಗೆ 20 ನಿಮಿಷ ಅಂದರೂ ಏಳೂವರೆಗೆ ಶುರುವಾದ ದೃಶ್ಯ ಒಂದು ಲೆಕ್ಕದಲ್ಲಿ 12ಕ್ಕೆ ಮುಗಿಯುತ್ತದೆ, ಇನ್ನೊಂದರಲ್ಲಿ 2 ಗಂಟೆ ಹತ್ತಿರ ಬರುತ್ತದೆ, ಅದೂ ಊಟ ಬಿಡದೆ. ಕೂಗಿದರೆ ಆ 40 ನಿಮಿಷ 35 ಆಗಬಹುದು, ಅಷ್ಟೇ. ಕ್ರಮ ಬದಲಿಸಿದರೆ ಎರಡು ಗಂಟೆ ಉಳಿಯುತ್ತದೆ. ಇದು ಶೂಟ್‌ಗೆ ಮುಂಚೆ, ಡೈರೆಕ್ಟರ್ ಮತ್ತು ಕ್ಯಾಮೆರಾಮನ್ ಜೊತೆ ಕೂತು ಮಾಡುವ ಕೆಲಸ.

ಒಂದು ನಷ್ಟವೂ ಇದೆ. ಅಮ್ಮನ ಪಾತ್ರದವರು ಕೊನೆಯಲ್ಲಿ ಅಳುವುದನ್ನು ಬೆಳಗ್ಗೆಯೇ ಅಳಬೇಕಾಗುತ್ತದೆ, ಎದುರಿನ ಮಗನ ಸಿಟ್ಟು ಇನ್ನೂ ಕಾಯುತ್ತಿರುತ್ತದೆ. ಆದ್ದರಿಂದ ಯಾರ ಕಡೆ ಮೊದಲು ಅನ್ನುವುದನ್ನು ಡೈರೆಕ್ಟರ್ ಹೇಳಲಿ. ನೀವು ಕೇಳಿ, ನೀವೇ ತೀರ್ಮಾನ ಮಾಡಬೇಡಿ.

ಚಾಮರಾಜಪೇಟೆ ಅವರು ಹೇಳಿದ್ದರಲ್ಲಿ ಫಸ್ಟ್ ಶಾಟ್ ಮಾತು ನಿಜ. ಆದರೆ ಸುಳ್ಳು ಕಾಲ್ ಟೈಮ್ ಒಂದೇ ಸಲ ನಡೆಯುತ್ತದೆ. ಹೇಳಿದ ಹೊತ್ತಿಗೆ ಬಂದವರು ಒಂದು ಗಂಟೆ ಸುಮ್ನೆ ಕೂತಿರುತ್ತಾರೆ. ಎರಡನೇ ದಿನ ಅವರೂ ತಡವಾಗಿ ಬರುತ್ತಾರೆ. ನಾನು ಒಬ್ಬೊಬ್ಬರಿಗೆ ಒಂದೊಂದು ಸಮಯ ಬರೆಯುತ್ತೇನೆ. ಲೈಟ್‌ನವರಿಗೆ 6, ಮಗನ ಪಾತ್ರದವರಿಗೆ ಮೇಕಪ್ 20 ನಿಮಿಷವಾದರೆ 6.40. ಬಂದ ತಕ್ಷಣ ಅವರಿಗೆ ಕೆಲಸ ಇರಬೇಕು.

ಬೆಳಕಿನ_ಹುಡುಗ

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಾನು 15 ವರ್ಷದಿಂದ ಲೈಟ್‌ಮನ್. ನಮ್ಮ ಕಡೆಯಿಂದ ಎರಡು ಮಾತು ಹೇಳುತ್ತೇನೆ.

ಮೊದಲನೇದು, ಮುಂದಿನ ಶಾಟ್ ಯಾವುದು ಅಂತ ಈ ಶಾಟ್ ನಡೆಯುವಾಗಲೇ ಹೇಳಿ. "ಇದಾದ ಮೇಲೆ ಅದೇ ಕಡೆ ಕ್ಲೋಸ್, ಆಮೇಲೆ ಕಿಟಕಿ ಕಡೆ ತಿರುಗ್ತೀವಿ" ಅಂದರೆ ಸಾಕು. ನಾವು ಎರಡು ಸ್ಟ್ಯಾಂಡ್ ಮೊದಲೇ ಆ ಕಡೆ ಇಟ್ಟಿರುತ್ತೇವೆ. ಹೇಳದಿದ್ದರೆ ಲೈಟ್ ಬಿಚ್ಚಿ ಹೊರಗೆ ತೆಗೆದುಕೊಂಡು ಹೋಗಿರುತ್ತೇವೆ, ಮತ್ತೆ ಅದೇ ಲೈಟ್ ಒಳಗೆ ಬೇಕು ಅನ್ನುತ್ತಾರೆ. ಅಲ್ಲಿ ನಮಗೆ ಸಿಟ್ಟು ಬರುತ್ತದೆ. ಕೆಲಸ ಜಾಸ್ತಿ ಅಂತ ಅಲ್ಲ, ಮಾಡಿದ ಕೆಲಸ ದಂಡವಾಯಿತಲ್ಲ ಅಂತ.

ಎರಡನೇದು, ಪ್ಯಾಕಪ್ ಅಂದಾಗ ನಿಮಗೆ ಮುಗಿಯಿತು. ನಮಗೆ ಇನ್ನೂ ಒಂದು ಗಂಟೆ ಇದೆ. ಲೈಟ್ ಆರಬೇಕು, ಕೇಬಲ್ ಸುತ್ತಬೇಕು, ಯೂನಿಟ್ ಗಾಡಿಗೆ ಏರಿಸಬೇಕು, ಅದು ಮತ್ತೆ ಗೋಡೌನ್‌ಗೆ ಹೋಗಬೇಕು. ಮಾರನೇ ದಿನದ ಕಾಲ್ ಟೈಮ್ ಬರೆಯುವಾಗ ಪ್ಯಾಕಪ್‌ನಿಂದ ಲೆಕ್ಕ ಹಾಕಬೇಡಿ, ಗಾಡಿ ಹೊರಟ ಹೊತ್ತಿನಿಂದ ಹಾಕಿ.

ರಂಗ_ಪರದೆ

ನಾನು ರಂಗಭೂಮಿಯವಳು. ರವೀಂದ್ರ ಕಲಾಕ್ಷೇತ್ರದಲ್ಲಿ ನಾಟಕಕ್ಕೆ ರಂಗನಿರ್ವಹಣೆ ಮಾಡಿದ್ದೇನೆ. ಅಲ್ಲಿ ಮೂರನೇ ಬೆಲ್ ಆದರೆ ಪರದೆ ಏಳಲೇಬೇಕು, ಯಾರಿಗೂ ಕಾಯುವುದಿಲ್ಲ. ಸಿನಿಮಾದವರು ಯಾಕೆ ಇಷ್ಟು ಕಷ್ಟಪಡುತ್ತಾರೆ ಅಂತ ನನಗೆ ಯಾವಾಗಲೂ ಆಶ್ಚರ್ಯ. ಒಂದು ತಿಂಗಳು ರಿಹರ್ಸಲ್ ಮಾಡಿದರೆ ಎಲ್ಲಾ ಸರಿಹೋಗುತ್ತದೆ ಅಲ್ವಾ?

ಆರೂವರೆ_ಕಾಲ್

ನಟರ ರಿಹರ್ಸಲ್ ಖಂಡಿತ ಸಹಾಯ ಮಾಡುತ್ತದೆ. ಆದರೆ ನಿಮ್ಮ ವೇದಿಕೆ ಒಂದೇ ಕಡೆ ಮುಖ ಮಾಡಿರುತ್ತದೆ, ಪ್ರೇಕ್ಷಕರು ಎದ್ದು ಹಿಂದಕ್ಕೆ ಹೋಗಿ ಕೂರುವುದಿಲ್ಲ. ನಮ್ಮಲ್ಲಿ ಕ್ಯಾಮೆರಾ ತಿರುಗಿದಾಗಲೆಲ್ಲ ಅದೇ ಆಗುತ್ತದೆ.

ಬಾಗಿಲ_ಸದ್ದು

ಸಿಂಕ್ ಸೌಂಡ್, ಅಂದರೆ ಶೂಟ್ ಆಗುವಾಗಲೇ ಮಾತು ರೆಕಾರ್ಡ್ ಮಾಡುವವನು ನಾನು. ಬಸವನಗುಡಿ ಅಂದಿರಿ, ಅದಕ್ಕೆ ಹೇಳುತ್ತೇನೆ. ಲೊಕೇಶನ್ ನೋಡಲು ಭಾನುವಾರ ಹೋಗಬೇಡಿ. ಶೂಟ್ ವಾರದ ಯಾವ ದಿನವೋ ಆ ದಿನವೇ, ಅದೇ ಹೊತ್ತಿಗೆ ಹೋಗಿ ಅರ್ಧ ಗಂಟೆ ಸುಮ್ನೆ ನಿಂತು ಕೇಳಿ. ಕಸದ ಗಾಡಿ ಹಾಡು ಹಾಕಿಕೊಂಡು ಎಷ್ಟು ಹೊತ್ತಿಗೆ ಬರುತ್ತದೆ, ತರಕಾರಿ ಗಾಡಿಯ ಮೈಕ್ ಯಾವಾಗ, ಪಕ್ಕದ ಮನೆಯ ಕುಕ್ಕರ್ ಎಷ್ಟು ಹೊತ್ತಿಗೆ ಕೂಗುತ್ತದೆ, ದೇವಸ್ಥಾನದ ಗಂಟೆ ಯಾವಾಗ. ಒಂದು ಚೀಟಿಯಲ್ಲಿ ಬರೆದುಕೊಂಡು ಮಾತಿರುವ ಶಾಟ್‌ಗಳನ್ನು ಆ ಹೊತ್ತಿನಿಂದ ಆಚೆ ಇಡಿ. ಚಾವಣಿ ಯಾವುದು ಅಂತಲೂ ನೋಡಿ. ಶೀಟ್ ಇದ್ದರೆ ಮಳೆ ಬಂದಾಗ ಒಂದು ಮಾತೂ ಉಪಯೋಗಕ್ಕೆ ಬರುವುದಿಲ್ಲ.

ಹೊಸ_ಕ್ಲಾಪ್

ಅಡುಗೆಮನೆಗೆ ಶೀಟ್ ಇದೆ ಸರ್! ಅಲ್ಲಿ ಮಾತಿಲ್ಲ, ಬರೀ ಕೈ ಕೆಲಸ. ಆರೂವರೆ ಮೇಡಂ, ಡೈರೆಕ್ಟರ್ ಒಂದೇ ಶಾಟ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಏನು ಮಾಡುತ್ತೀರಿ? ಕ್ಯಾಮೆರಾಮನ್ "ಹತ್ತೇ ನಿಮಿಷ" ಅಂತ ಅರ್ಧ ಗಂಟೆ ಮಾಡಿದರೆ?

ಆರೂವರೆ_ಕಾಲ್

ಎರಡನೇದಕ್ಕೆ ಮೊದಲು ಹೇಳುತ್ತೇನೆ. ಪ್ರತಿ ಸೆಟಪ್ ಶುರುವಾದಾಗ "ಎಷ್ಟು ನಿಮಿಷ ಸರ್?" ಅಂತ ಒಂದೇ ಸಲ ಕೇಳಿ. ಅವರು ಹೇಳಿದ್ದನ್ನು ಬರೆದುಕೊಳ್ಳಿ. ಮಧ್ಯೆ ಮಧ್ಯೆ ಹೋಗಿ ಆಯ್ತಾ ಆಯ್ತಾ ಅನ್ನಬೇಡಿ. ಆದಾಗ ನಿಜವಾಗಿ ಎಷ್ಟಾಯಿತು ಅಂತ ಪಕ್ಕದಲ್ಲಿ ಬರೆಯಿರಿ. ಮೂರು ಸೆಟಪ್ ಆಗುವಷ್ಟರಲ್ಲಿ ಅವರ ಹತ್ತು ನಿಮಿಷ ಅಂದರೆ ನಿಮ್ಮ ಗಡಿಯಾರದಲ್ಲಿ ಎಷ್ಟು ಅಂತ ಗೊತ್ತಾಗುತ್ತದೆ. ಆಮೇಲೆ ನಟರನ್ನು ಆ ಲೆಕ್ಕಕ್ಕೇ ಕರೆಯಿರಿ. ಮೇಕಪ್ ಹಾಕಿಕೊಂಡು ಬಿಸಿ ಲೈಟ್ ಕೆಳಗೆ 20 ನಿಮಿಷ ಕಾದ ನಟಿ ಮೊದಲ ಟೇಕ್‌ನಲ್ಲೇ ಸುಸ್ತಾಗಿರುತ್ತಾರೆ, ಅದು ಇನ್ನೆರಡು ಟೇಕ್ ತಿನ್ನುತ್ತದೆ.

ಡೈರೆಕ್ಟರ್ ವಿಷಯ. ಹಿಂದಿನ ರಾತ್ರಿಯೇ ಶಾಟ್ ಲಿಸ್ಟ್ ಮುಂದಿಟ್ಟು, "ನಾಳೆ ಹೊತ್ತು ಸಾಲದೆ ಹೋದರೆ ಯಾವ ಎರಡು ಶಾಟ್ ಬಿಡಬಹುದು?" ಅಂತ ಕೇಳಿ. ತಂಪಾಗಿ ಕೂತಾಗ ಅವರು ಸರಿಯಾಗಿ ಹೇಳುತ್ತಾರೆ. ಸಂಜೆ ಐದೂವರೆಗೆ ಕೇಳಿದರೆ ಯಾವುದೂ ಬಿಡಲ್ಲ ಅನ್ನುತ್ತಾರೆ, ಅದು ಸಹಜ. ಸೆಟ್‌ನಲ್ಲಿ ಎಂಟನೇ ಟೇಕ್ ಆದಾಗ ಹತ್ತಿರ ಹೋಗಿ, ಅವರಿಗೆ ಮಾತ್ರ ಕೇಳುವ ಹಾಗೆ ಹೇಳಿ: "ಸರ್, ಇದಕ್ಕೆ ಇನ್ನೂ 15 ನಿಮಿಷ ಕೊಟ್ಟರೆ ಸಂಜೆ ಗೇಟ್ ಶಾಟ್ ಹೋಗುತ್ತೆ. ಯಾವುದು ಬೇಕು?" ವಾಕಿಯಲ್ಲಿ ಹೇಳಬೇಡಿ. ಎಲ್ಲರಿಗೂ ಕೇಳಿದರೆ ಅವರು ಹಟಕ್ಕೆ ಬೀಳುತ್ತಾರೆ. ಎಷ್ಟೋ ಸಲ ಅವರು "ಇದೇ ಬೇಕು" ಅನ್ನುತ್ತಾರೆ. ಆಗ ಗೇಟ್ ಶಾಟ್ ನಿಜವಾಗಿಯೂ ತೆಗೆದುಹಾಕಿ, ಎಲ್ಲರಿಗೂ ತಿಳಿಸಿ. ಬಿಟ್ಟ ಶಾಟ್‌ಗಾಗಿ ಯಾರೂ ಲೈಟ್ ಕಟ್ಟಬಾರದು.

ಇನ್ನೊಂದು, ಅಕ್ಟೋಬರ್‌ನಲ್ಲಿ ಬೆಂಗಳೂರಲ್ಲಿ ಮಧ್ಯಾಹ್ನದ ಮೇಲೆ ಮಳೆ ಹೊಸದಲ್ಲ. ಸೂರ್ಯ ಆರಕ್ಕೆಲ್ಲ ಮುಳುಗುತ್ತಾನೆ. ನಿಮ್ಮ ಅಂಗಳದ ಶಾಟ್ ಮೂರೂ ಕೊನೆಗೆ ಇಟ್ಟಿದ್ದೀರಿ. ಒಳಗಿನ ಕೆಲಸ ಒಂದನ್ನು ಮಳೆಗೆ ಅಂತ ಉಳಿಸಿಕೊಳ್ಳಿ.

ಹಳೇ_ಸೆಟ್ಟು

ನಾನು ಕೋ-ಡೈರೆಕ್ಟರ್ ಆಗಿ ಕನ್ನಡ ಸಿನಿಮಾಗಳಲ್ಲಿ ಕೆಲಸ ಮಾಡಿದವನು. ನಮ್ಮಲ್ಲಿ ಹೀಗೆ ಗಡಿಯಾರಕ್ಕೆ ಮಾತ್ರ ಒಬ್ಬರು ಅಂತ ಇರಲಿಲ್ಲ. ಕೋ-ಡೈರೆಕ್ಟರ್ ಡೈಲಾಗ್ ಹೇಳಿಕೊಡುತ್ತಿದ್ದ, ದೃಶ್ಯ ಚರ್ಚಿಸುತ್ತಿದ್ದ, ಸಮಯವನ್ನೂ ನೋಡುತ್ತಿದ್ದ. ಈ ದೃಶ್ಯಕ್ಕೆ ಒಂಬತ್ತನೇ ಟೇಕ್ ಬೇಕೋ ಬೇಡವೋ ಅಂತ ತಿಳಿಯಬೇಕಾದರೆ ದೃಶ್ಯ ಗೊತ್ತಿರಬೇಕು. ಗಡಿಯಾರ ಹಿಡಿದು ನಿಂತವನಿಗೆ ಅದು ಹೇಗೆ ಗೊತ್ತಾಗುತ್ತದೆ?

ಆರೂವರೆ_ಕಾಲ್

ದೃಶ್ಯ ಗೊತ್ತಿರಬೇಕು ಅನ್ನುವುದನ್ನು ಒಪ್ಪುತ್ತೇನೆ ಸರ್. ಆದರೆ ಡೈಲಾಗ್ ಹೇಳಿಕೊಡಲು ಕೂತಾಗ ಸೆಟ್ ಕಡೆ ಬೆನ್ನು ತಿರುಗಿರುತ್ತದೆ. ಆ ಹೊತ್ತಿನಲ್ಲೇ ಮುಂದಿನ ಸೆಟಪ್ ನಿಂತುಹೋಗುವುದನ್ನು ನಾನು ನೋಡಿದ್ದೇನೆ.

ಹಳೇ_ಸೆಟ್ಟು

ಅದಕ್ಕೆ ಅಸೋಸಿಯೇಟ್ ಡೈರೆಕ್ಟರ್ ಇರುತ್ತಾನಮ್ಮ. ನಾನು ಇದನ್ನು ಒಪ್ಪುವುದಿಲ್ಲ, ಇರಲಿ.

ಹೊಸ_ಕ್ಲಾಪ್

*(ಶೂಟ್ ಆದ ಮೇಲೆ)*

ಶೂಟ್ ಮುಗಿಯಿತು. ಹೇಗಾಯಿತು ಅಂತ ಪೂರ್ತಿ ಬರೆಯುತ್ತೇನೆ, ತಪ್ಪೂ ಸೇರಿಸಿ.

ಫಸ್ಟ್ ಶಾಟ್ 7.30ಕ್ಕೆ ಹೋಗಲಿಲ್ಲ, 7.55ಕ್ಕೆ ಹೋಯಿತು. ಕ್ಯಾಮೆರಾ 7.25ಕ್ಕೇ ಸಿದ್ಧವಿತ್ತು. ಅಮ್ಮನ ಪಾತ್ರದವರಿಗೆ ಕೂದಲು ನರೆತ ಹಾಗೆ ಮಾಡಬೇಕಿತ್ತು. ನಾನು ಮೇಕಪ್‌ಗೆ ಅಂತ 30 ನಿಮಿಷ ಬರೆದಿದ್ದೆ. ಅದು ಒಂದು ಗಂಟೆಯ ಕೆಲಸ. ಮೇಕಪ್‌ನವರನ್ನು ನಾನು ಕೇಳಿಯೇ ಇರಲಿಲ್ಲ, ನಾನೇ ಊಹಿಸಿ ಬರೆದದ್ದು. ಕಸದ ಗಾಡಿ ಮಾತ್ರ ಲೆಕ್ಕದ ಪ್ರಕಾರ 7.15ಕ್ಕೆ ಬಂದು ಹೋಯಿತು.

ಮೇಜಿನ ದೃಶ್ಯ ಒಂದೇ ತಿರುವಿನಲ್ಲಿ ತೆಗೆದೆವು. ಡೈರೆಕ್ಟರ್ ಅಮ್ಮನ ಕಡೆ ಮೊದಲು ಅಂದರು. ತೊಂದರೆ ಬಂದದ್ದು ತಟ್ಟೆಯಲ್ಲಿ. ಮಗ ಉಪ್ಪಿಟ್ಟು ತಿನ್ನುತ್ತಾ ಮಾತಾಡುತ್ತಾನೆ. ಎರಡು ಗಂಟೆ ಆದ ಮೇಲೆ ಅವನ ಕಡೆ ತಿರುಗಿದಾಗ ಉಪ್ಪಿಟ್ಟು ಒಣಗಿ ಬಣ್ಣವೇ ಬೇರೆ ಆಗಿತ್ತು. ಆರ್ಟ್‌ನ ಹುಡುಗಿ ಪ್ರತಿ ಶಾಟ್ ಕೊನೆಗೂ ತಟ್ಟೆಯ ಫೋಟೋ ತೆಗೆದಿದ್ದಳು. ಹಿಂದಿನ ಬಾಗಿಲಲ್ಲಿ ಒಂದು ಸ್ಟೌ ಮೇಲೆ ಹೊಸದಾಗಿ ಮಾಡುತ್ತಲೇ ಇದ್ದಳು. ಫೋಟೋ ನೋಡಿಕೊಂಡು ಚಮಚದಿಂದ ಅಷ್ಟೇ ತೆಗೆದು, ಕರಿಬೇವಿನ ಎಲೆಯನ್ನೂ ಅದೇ ಜಾಗದಲ್ಲಿಟ್ಟಳು. ಒಂದು ನಿಮಿಷವೂ ಹೋಗಲಿಲ್ಲ. ಅವಳು ಇದನ್ನು ಯೋಚಿಸಿರದಿದ್ದರೆ ಆ ದೃಶ್ಯ ಅಲ್ಲೇ ನಿಲ್ಲುತ್ತಿತ್ತು, ನನ್ನ ಪಟ್ಟಿಯಲ್ಲಿ ಅದು ಇರಲೇ ಇಲ್ಲ.

12.30ಕ್ಕೆ ಮೇಜಿನ ದೃಶ್ಯ ಮುಗಿಯಿತು. ಆಗಲೇ ಸೆಕೆ ಜಾಸ್ತಿಯಾಗಿ ಮೋಡ ಕಟ್ಟಿತ್ತು. ಅಂಗಳದ ಶಾಟ್‌ಗಳು ಸಂಜೆಗೆ ಇದ್ದವು. ಈಗಲೇ ತೆಗೆಯೋಣವಾ ಅಂತ ಕ್ಯಾಮೆರಾಮನ್‌ರನ್ನು ಕೇಳಿದೆ. ನಡು ಮಧ್ಯಾಹ್ನದ ಬಿಸಿಲು ನೆತ್ತಿಗೆ ಬೀಳುತ್ತದೆ ಅಂತ ಅವರಿಗೆ ಇಷ್ಟವಿರಲಿಲ್ಲ. ಆದರೆ ಮೋಡ ಇರೋದರಿಂದ ನೆರಳು ಮೆತ್ತಗಾಗಿದೆ, ಲೈಟೇ ಬೇಡ, ಎರಡು ಶಾಟ್ ಆಗುತ್ತೆ ಅಂದರು. ಊಟಕ್ಕೆ ಒಂದು ಗಂಟೆ ಅಂತ ಎಲ್ಲರಿಗೂ ಮಾತು ಕೊಟ್ಟಿದ್ದೆ. ಲೈಟ್, ಕ್ಯಾಮೆರಾ, ಸೌಂಡ್, ಮೇಕಪ್, ಪ್ರೊಡಕ್ಷನ್, ಐದೂ ಕಡೆ ನಾನೇ ನಡೆದು ಹೋಗಿ ಹೇಳಿದೆ: "ಮಳೆ ಬರೋ ಹಾಗಿದೆ. ಎರಡು ಶಾಟ್ ತೆಗೆದು 1.25ಕ್ಕೆ ಊಟ. ಸಂಜೆ ಆ 25 ನಿಮಿಷ ವಾಪಸ್ ಸಿಗುತ್ತೆ. ಆಗುತ್ತಾ?" ಆಯ್ತು ಅಂದರು. ಬಾಳೆಹಣ್ಣು, ಮಜ್ಜಿಗೆ ಕೊಡಿಸಿದೆ. 1.25ಕ್ಕೆ ಸರಿಯಾಗಿ ಊಟ ಬಿಟ್ಟೆ.

ಮಳೆ 2.50ಕ್ಕೆ ಬಂತು. ಅಡುಗೆಮನೆಯಲ್ಲಿದ್ದೆವು. ಕಿಟಕಿ ಹೊರಗಿದ್ದ ಲೈಟ್‌ಗೆ ಕೇಬಲ್ ಅಂಗಳದಲ್ಲಿ ಹೋಗಿತ್ತು. ಎಲ್ಲರೂ ಲೈಟ್ ಮುಚ್ಚಲು ಓಡಿದರು. ನಾನು "ನಿಲ್ಲಿ, ಮೊದಲು ಕರೆಂಟ್ ಆಫ್" ಅಂದೆ. ಇಡೀ ದಿನದಲ್ಲಿ ನಾನು ದನಿ ಎತ್ತಿದ್ದು ಅದೊಂದೇ ಸಲ. ಆಫ್ ಮಾಡಿ, ಒಳಗೆ ತಂದು, ಒಳಗಿಂದಲೇ ಬೇರೆ ಲೈಟ್ ಕಟ್ಟಲು 35 ನಿಮಿಷ ಹೋಯಿತು. ಶೀಟ್ ಮೇಲೆ ಮಳೆ ಜೋರಾಗಿತ್ತು. ಮಾತಿಲ್ಲದ ಶಾಟ್‌ಗಳಾದ್ದರಿಂದ ನಡೆಯಿತು.

ಮಳೆ 4.10ಕ್ಕೆ ನಿಂತಾಗ ನೆಲ ಪೂರ್ತಿ ಒದ್ದೆ. ಮಧ್ಯಾಹ್ನ ತೆಗೆದ ಎರಡು ಶಾಟ್‌ನಲ್ಲಿ ನೆಲ ಒಣಗಿದೆ. ಮೂರನೆಯದು, ಮಗ ಗೇಟ್ ದಾಟಿ ಹೋಗುವ ಶಾಟ್. ಹಿಂದಿನ ರಾತ್ರಿ ಡೈರೆಕ್ಟರ್ ಬಿಡಬಹುದು ಅಂದಿದ್ದ ಎರಡರಲ್ಲಿ ಅದೂ ಒಂದು. ಆದರೂ ಅವರಿಗೆ ಬೇಜಾರಾಯಿತು. ಕೊನೆಗೆ ಒಳಗಿನಿಂದ ಬಾಗಿಲ ಚೌಕಟ್ಟಿನಲ್ಲಿ, ನೆಲ ಕಾಣದ ಹಾಗೆ, ಅವನ ಬೆನ್ನು ಮಾತ್ರ ತೆಗೆದೆವು. 5.50ಕ್ಕೆ ಪ್ಯಾಕಪ್. ಗಾಡಿ ಹೊರಟದ್ದು 6.45ಕ್ಕೆ.

ಬೆಳಕಿನ_ಹುಡುಗ

ಕರೆಂಟ್ ಆಫ್ ಅಂದದ್ದು ದೊಡ್ಡ ಕೆಲಸ ತಮ್ಮಾ. ಒದ್ದೆ ನೆಲದಲ್ಲಿ ಕನೆಕ್ಟರ್ ಬಿದ್ದಿದ್ದಾಗ ಲೈಟ್ ಹಿಡಿಯಲು ಓಡುವುದು ನಮ್ಮವರ ಅಭ್ಯಾಸ. ಸಾಮಾನು ಹಾಳಾದರೆ ನಮ್ಮ ಸಂಬಳದಲ್ಲಿ ಹಿಡಿಯುತ್ತಾರೆ ಅನ್ನೋ ಭಯ. ಯಾರಾದರೂ ಒಬ್ಬರು ನಿಲ್ಲಿ ಅನ್ನಬೇಕು.

ಊಟದ ವಿಷಯ ಮಾತ್ರ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ನೀವು ಬಂದು ಕೇಳಿದಿರಿ, ಒಳ್ಳೇದು. ಆದರೆ ಆಗಲ್ಲ ಅಂತ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗಿದೆ? ಮುಂದಿನ ಕೆಲಸಕ್ಕೆ ಕರೆಯಲ್ಲ ಅಂತ ಎಲ್ಲರೂ ಹೂಂ ಅನ್ನುತ್ತಾರೆ.

ಆರೂವರೆ_ಕಾಲ್

ಈ ಮಾತು ನನಗೂ ನಾಟಿತು. ಅಮೆರಿಕದ ಯೂನಿಯನ್ ಸೆಟ್‌ಗಳಲ್ಲಿ ಕೆಲಸ ಶುರುವಾಗಿ 6 ಗಂಟೆಯೊಳಗೆ ಊಟ ಬಿಡದಿದ್ದರೆ ನಿರ್ಮಾಪಕರು ದಂಡ ಕಟ್ಟಬೇಕು. ಆಗ ಕೇಳುವುದಕ್ಕೆ ಒಂದು ಬೆಲೆ ಇರುತ್ತದೆ. ಇಂಥ ಸಣ್ಣ ಶೂಟ್‌ಗಳಲ್ಲಿ ಆ ಬೆಲೆಯನ್ನು ಫಸ್ಟ್ ಎಡಿ ತಾನೇ ಇಟ್ಟುಕೊಳ್ಳಬೇಕು. ನಾನಾಗಿದ್ದರೂ ಆ ಎರಡು ಶಾಟ್ ತೆಗೆಯುತ್ತಿದ್ದೆ. ಆದರೆ ಅಂಗಳದಲ್ಲಿ ಲೈಟ್ ಬೇಕಿರಲಿಲ್ಲವಲ್ಲ, ಲೈಟ್‌ನವರನ್ನು ಒಂದಕ್ಕೇ ಊಟಕ್ಕೆ ಕಳಿಸಬಹುದಿತ್ತು.

ಹೊಸ_ಕ್ಲಾಪ್

ಅದು ಹೊಳೆಯಲೇ ಇಲ್ಲ ಮೇಡಂ. ಛೆ.

ಕೊನೆಯದಾಗಿ ಒಂದು. ನೀವು ಹೇಳಿದ ಹಾಗೆ ಹೇಳಿದ ನಿಮಿಷ, ಆದ ನಿಮಿಷ ಎರಡೂ ಬರೆದಿದ್ದೇನೆ. ಕ್ಯಾಮೆರಾಮನ್ 10 ಅಂದದ್ದು 18, 15 ಅಂದದ್ದು 26, 20 ಅಂದದ್ದು 37. ಮುಂದಿನ ಶೂಟ್ ಅವರ ಜೊತೆಗೇ ಇದೆ. ಈ ಶೀಟ್ ಅವರಿಗೆ ತೋರಿಸಲಾ?

ಆರೂವರೆ_ಕಾಲ್

ತೋರಿಸಬೇಡಿ. ಅದು ನಿಮ್ಮ ಶೆಡ್ಯೂಲ್ ಬರೆಯಲು. ತೋರಿಸಿದರೆ ಮುಂದಿನ ಸಲ 40 ಅಂತಾರೆ, ಅದು 60 ಆಗುತ್ತದೆ.

ಬೆಳಕಿನ_ಹುಡುಗ

ತೋರಿಸಿ ತಮ್ಮಾ, ಒಬ್ಬರೇ ಇದ್ದಾಗ ತೋರಿಸಿ. ಅವರು 10 ಅಂದಾಗ ಓಡಬೇಕಾದವರು ನಾವು. 18 ಅಂತಲೇ ಹೇಳಿದರೆ ನೆಟ್ಟಗೆ ನಡೆದುಕೊಂಡು ಹೋಗಿ ಮಾಡುತ್ತೇವೆ.